ತೊಗರಿ ಬೀಜದ ಬೆರಕೆ ಕಾಳು ನೋಡಿದರೆ ಗೊತ್ತಾಗದು

ಕಲಬುರಗಿ ಕಡೆಯ ತೊಗರಿ ಬೆಳೆಗಾರರಿಗೆ ನೆಟೆ ರೋಗ ಚೆನ್ನಾಗಿ ಗೊತ್ತು. ಕಾಯಿ ಕಟ್ಟುವ ಹೊತ್ತಿಗೆ ಗಿಡ ನಿಂತಲ್ಲೇ ಒಣಗುತ್ತದೆ. ಈ ರೋಗ ತಾಳುವ ಮಾರುತಿ ತಳಿ 1986ರಲ್ಲಿ ಕರ್ನಾಟಕಕ್ಕೆ ಬಂತು. ಆದರೆ ಬೀಜ ಬೆರಕೆಯಾದರೆ ಆ ತಾಳಿಕೆಯೂ ಕಳೆದುಹೋಗುತ್ತದೆ.

ಭತ್ತ ಬಹುಪಾಲು ತನ್ನ ಪರಾಗಕ್ಕೇ ಕಾಳು ಕಟ್ಟುತ್ತದೆ. ಅದಕ್ಕೇ ಬೀಜದ ಭತ್ತಕ್ಕೆ ಪಕ್ಕದ ತಳಿಯಿಂದ 3 ಮೀಟರ್ ಅಂತರ ಸಾಕು. ತೊಗರಿ ಹಾಗಲ್ಲ. ಜೇನ್ನೊಣ ಪಕ್ಕದ ಹೊಲದ ಪರಾಗ ತಂದು ಹಾಕುತ್ತದೆ. ಹೀಗೆ ಕಟ್ಟಿದ ಕಾಳಿನ ಸಿಪ್ಪೆ ತಾಯಿ ಗಿಡದ್ದೇ ಅಂಗಾಂಶ. ಬಣ್ಣ, ಆಕಾರ ಎಲ್ಲ ತಾಯಿಯದೇ, ಒಳಗಿನ ಭ್ರೂಣ ಮಾತ್ರ ಬೆರಕೆ. ಜರಡಿ ಹಿಡಿದರೂ, ಕೈಯಲ್ಲಿ ಆರಿಸಿದರೂ ಸಿಗುವುದಿಲ್ಲ. ಶುದ್ಧತೆ ಕಾಯಬೇಕಾದ್ದು ಹೊಲದಲ್ಲೇ.

ತಳಿ ರೂಪಿಸಿದ ಸಂಸ್ಥೆ ತನ್ನ ವಿಜ್ಞಾನಿಗಳ ಕಣ್ಣೆದುರಿಗೇ ಬೆಳೆಯುವ ಸ್ವಲ್ಪ ಬೀಜವೇ ಬ್ರೀಡರ್ ಬೀಜ. ಅದರ ಚೀಟಿ ಬಂಗಾರದ ಹಳದಿ. ಅದನ್ನು ಬಿತ್ತಿ ಪಡೆದದ್ದು ಮೂಲ ಬೀಜ, ಚೀಟಿ ಬಿಳಿ. ಮೂಲ ಬೀಜದಿಂದ ಬೆಳೆದ ಪ್ರಮಾಣಿತ ಬೀಜಕ್ಕೆ ನೀಲಿ ಚೀಟಿ. ರೈತ ಬಿತ್ತನೆಗೆ ಕೊಳ್ಳುವುದು ಸಾಮಾನ್ಯವಾಗಿ ಇದನ್ನೇ.

ಪ್ರಮಾಣಿತ ತೊಗರಿ ಬೀಜದ ಹೊಲಕ್ಕೆ ಬೇರೆ ತಳಿಯ ತೊಗರಿಯಿಂದ 100 ಮೀಟರ್ ಅಂತರ ಬೇಕು. ಮೂಲ ಬೀಜಕ್ಕೆ ಕನಿಷ್ಠ ಅದರ ಎರಡರಷ್ಟು. ಪಕ್ಕದ ಹೊಲ ಅಳೆದು ನೋಡುತ್ತೇವೆ, ಬದುವಿನ ಮೇಲೆ ಸುಮ್ನೆ ಬೆಳೆದ ನಾಲ್ಕು ತೊಗರಿ ಗಿಡ ಮರೆತುಬಿಡುತ್ತೇವೆ. ಜೇನ್ನೊಣಕ್ಕೆ ಅವೂ ತೊಗರಿಯೇ ಅಲ್ವಾ?

ಅಂತರ ಬಿಟ್ಟರೂ ಬಿತ್ತಿದ ಬೀಜದಲ್ಲೇ ಬೆರಕೆ ಇರಬಹುದು. ಆದ್ದರಿಂದ ಬೆರಕೆ ಗಿಡ ಕೀಳಬೇಕು. ಕಾಂಡದ ಬಣ್ಣ, ಎತ್ತರ, ಕೊಂಬೆ ಹರಡಿದ ರೀತಿ ಹೂವಿಗೆ ಮೊದಲೇ ಕಾಣುತ್ತವೆ. ಹೂವಿನ ಎಸಳಿನ ಬೆನ್ನ ಮೇಲೆ ಕೆಂಪು ಗೆರೆ ಇದೆಯೋ ಇಲ್ಲವೋ ಎಂಬುದು ಹೂ ಬಿಟ್ಟ ಮೇಲಷ್ಟೇ ತಿಳಿಯುತ್ತದೆ. ಬೇರೆ ಬಗೆಯ ಮೊದಲ ಹೂ ಕಂಡ ದಿನವೇ ಆ ಗಿಡ ಹೋಗಬೇಕು. ತಡವಾದರೆ ಅದರ ಪರಾಗ ಸುತ್ತಲಿನ ಒಳ್ಳೆಯ ಗಿಡಗಳಿಗೆ ಸೇರಿಬಿಟ್ಟಿರುತ್ತದೆ, ಆಮೇಲೆ ಕಿತ್ತರೂ ಪ್ರಯೋಜನವಿಲ್ಲ. ಕುಡುಗೋಲಿನಿಂದ ಕತ್ತರಿಸಬೇಡಿ, ತೊಗರಿ ಮತ್ತೆ ಚಿಗುರಿ ಹೂ ಬಿಡುತ್ತದೆ. ಬೇರು ಸಮೇತ ಕೀಳಿ.

ಪ್ರಮಾಣನ ಸಂಸ್ಥೆಯವರು ಕನಿಷ್ಠ ಎರಡು ಸಲ ಬರುತ್ತಾರೆ: ಹೂವಿಗೆ ಮೊದಲು, ಮತ್ತೆ ಹೂವು-ಕಾಯಿಯ ಹೊತ್ತಿಗೆ. ಪ್ರಮಾಣಿತ ಬೀಜದಲ್ಲಿ ಸಾವಿರಕ್ಕೆ ಎರಡು ಬೆರಕೆ ಗಿಡದವರೆಗೆ ಒಪ್ಪುತ್ತಾರೆ, ಮೂಲ ಬೀಜದಲ್ಲಿ ಒಂದೇ. ಸಾಲಿಗೆ 3 ಅಡಿ, ಗಿಡಕ್ಕೆ 1 ಅಡಿ ಬಿಟ್ಟು ಬಿತ್ತಿದರೆ ಎಕರೆಗೆ ಸುಮಾರು 14,500 ಗಿಡ. ಅಂದರೆ ಪ್ರಮಾಣಿತ ಹೊಲದಲ್ಲಿ 29 ಬೆರಕೆ ಗಿಡಕ್ಕಿಂತ ಜಾಸ್ತಿ ಉಳಿಯುವಂತಿಲ್ಲ.

ಇಷ್ಟಾದರೂ ಕೆಲವು ತಪ್ಪಿಸಿಕೊಳ್ಳುತ್ತವೆ. ಬೆರಕೆ ಗಿಡ ತಾಯಿಯ ಹಾಗೆಯೇ ಕಂಡರೆ ಯಾರೂ ಕೀಳುವುದಿಲ್ಲ, ಅದರ ಮಕ್ಕಳಲ್ಲಿ ಮಾತ್ರ ವ್ಯತ್ಯಾಸ ಹೊರಬರುತ್ತದೆ. ತಲೆಮಾರು ಕಳೆದಂತೆ ಇಂಥವು ಕೂಡುತ್ತಾ ಹೋಗುತ್ತವೆ. ಅದಕ್ಕೇ ಪ್ರಮಾಣಿತ ಬೀಜದಿಂದ ಮತ್ತೆ ಪ್ರಮಾಣಿತ ಬೀಜ ಮಾಡಲು ಮಿತಿ ಇದೆ: ಮೂಲ ಬೀಜದಿಂದಾಚೆ ಮೂರು ತಲೆಮಾರು. ಆಮೇಲೆ ಮತ್ತೆ ಮೇಲಿನ ಹಂತದ ಬೀಜವೇ ಬೇಕು.