ಟಾರ್ಗೆಟ್ ಬರೆದರೆ ಓಕೆಆರ್ ಆಗಲ್ಲ

ಹುಬ್ಬಳ್ಳಿಯಲ್ಲಿ ಅಂಗಡಿಗಳಿಗೆ ಬಿಲ್ಲಿಂಗ್ ಸಾಫ್ಟ್‌ವೇರ್ ಮಾರುವ ಒಬ್ಬ ಹುಡುಗ ನನ್ನ ಕೈಕೆಳಗಿದ್ದ. ಏಪ್ರಿಲ್‌ನಿಂದ ಜೂನ್‌ವರೆಗಿನ ಓಕೆಆರ್, ಅಂದರೆ ಉದ್ದೇಶ ಮತ್ತು ಅದರ ಮುಖ್ಯ ಫಲಿತಾಂಶಗಳನ್ನು ಬರೆದು ತಾ ಅಂದಿದ್ದೆ. ತಂದ ಹಾಳೆಯಲ್ಲಿ ಮೂರು ಸಾಲಿತ್ತು: 'ಉತ್ತಮ ಸೇಲ್ಸ್‌ಮನ್ ಆಗುವುದು. 300 ಕಾಲ್ ಮಾಡುವುದು. ಟಾರ್ಗೆಟ್ ಮುಟ್ಟುವುದು.' ಇದೇನಪ್ಪಾ ಅಂದರೆ, 'ಎಲ್ಲಾ ಬರದೇನಲ್ರೀ ಸರ್' ಅಂದ.

ತಪ್ಪು ಅವನದಲ್ಲ. ಓಕೆಆರ್ ಅಂದರೆ ಟಾರ್ಗೆಟ್‌ಗೆ ಇನ್ನೊಂದು ಹೆಸರು ಅಂತಲೇ ಸುಮಾರು ಜನ ತಿಳಿದಿದ್ದಾರೆ. ಇಂಟೆಲ್‌ನಲ್ಲಿ ಆಂಡಿ ಗ್ರೋವ್ ರೂಢಿಗೆ ತಂದು, 1999ರಲ್ಲಿ ಹೂಡಿಕೆದಾರ ಜಾನ್ ಡೋರ್ ಗೂಗಲ್‌ಗೆ ಒಯ್ದ ಈ ಪದ್ಧತಿಯಲ್ಲಿ ಇರುವುದು ಎರಡೇ ಪ್ರಶ್ನೆ. ಎಲ್ಲಿಗೆ ಹೋಗಬೇಕು? ಅಲ್ಲಿಗೆ ಮುಟ್ಟಿದ್ದು ಹೇಗೆ ಗೊತ್ತಾಗುತ್ತೆ? ಮೊದಲನೆಯದಕ್ಕೆ ಉತ್ತರ ಉದ್ದೇಶ, ಎರಡನೆಯದಕ್ಕೆ ಫಲಿತಾಂಶ. ಟಾರ್ಗೆಟ್ ಅನ್ನು ಕಂಪನಿ ಕೊಡುತ್ತೆ. ಅದನ್ನು ಮುಟ್ಟೋಕೆ ನನ್ನ ಕೆಲಸದಲ್ಲಿ ಏನು ಬದಲಾಗಬೇಕು ಅನ್ನೋದು ನನ್ನ ಓಕೆಆರ್.

ಹಾಗಾಗಿ ಹಾಳೆ ಪಕ್ಕಕ್ಕಿಟ್ಟು ಅವನ ರಿಜಿಸ್ಟರ್ ತೆಗೆದೆವು. ಹಿಂದಿನ ಮೂರು ತಿಂಗಳಲ್ಲಿ 40 ಕೊಟೇಶನ್ ಕೊಟ್ಟಿದ್ದ, ಆರ್ಡರ್ ಆಗಿದ್ದು 8. ಅಂದರೆ ಶೇ 20. ಕಾಲ್ ಕಡಿಮೆ ಇರಲಿಲ್ಲ, ಡೆಮೊ ಕಡಿಮೆ ಇರಲಿಲ್ಲ. ಸೋರುತ್ತಿದ್ದದ್ದು ಕೊಟೇಶನ್ ಕೊಟ್ಟ ಮೇಲೆ. ಕೈತಪ್ಪಿದ 32ರಲ್ಲಿ 20 ಜನ 'ಬೇಡ' ಅಂದೇ ಇರಲಿಲ್ಲ, 'ನೋಡೋಣ' ಅಂದು ಸುಮ್ಮನಾಗಿದ್ದರು. ಯಾಕೆ ಅಂತ ಕೆದಕಿದಾಗ ಗೊತ್ತಾಯ್ತು, ಇವನು ಡೆಮೊ ತೋರಿಸುತ್ತಿದ್ದದ್ದು ಗಲ್ಲಾದಲ್ಲಿ ಕೂತ ಮಗನಿಗೆ. ದುಡ್ಡು ಕೊಡುವವರು ಅಪ್ಪ. 'ಇದರ ಡೇಟಾ ಟ್ಯಾಲಿಗೆ ಹೋಗುತ್ತಾ?' ಅಂತ ಕೇಳುವವರು ಜಿಎಸ್‌ಟಿ ರಿಟರ್ನ್ ತುಂಬುವ ಅಕೌಂಟೆಂಟ್. ಅವರು ತಲೆ ಆಡಿಸದೆ ಅಂಗಡಿಯವರು ಚೆಕ್ ಬರೆಯಲ್ಲ.

ಈಗ ಉದ್ದೇಶ ತಾನಾಗೇ ಸಿಕ್ಕಿತು: 'ಕೊಟೇಶನ್ ತಗೊಂಡ ಅಂಗಡಿ ನೋಡೋಣ ಅಂತ ಜಾರಿಕೊಳ್ಳಬಾರದು.' ಇದರಲ್ಲಿ ಅಂಕಿ ಇಲ್ಲ, ಇರಬೇಕಾಗೂ ಇಲ್ಲ. ಅಂಕಿ ಬರುವುದು ಫಲಿತಾಂಶದಲ್ಲಿ. ಅವನು ಮೂರು ಬರೆದ. ಒಂದು, ಕೊಟೇಶನ್‌ನಿಂದ ಆರ್ಡರ್ ಆಗುವುದು ಶೇ 20ರಿಂದ 35ಕ್ಕೆ. ಎರಡು, ಹೌದೋ ಅಲ್ಲವೋ ಅನ್ನುವ ಉತ್ತರ ಬರಲು ಹಿಡಿಯುವ ಸರಾಸರಿ ದಿನ 45ರಿಂದ 25ಕ್ಕೆ. ಮೂರು, ಸರಾಸರಿ ಡಿಸ್ಕೌಂಟ್ ಶೇ 12 ದಾಟಬಾರದು, ಕೊಟೇಶನ್ 40ಕ್ಕಿಂತ ಕಡಿಮೆ ಆಗಬಾರದು.

ಮೂರನೆಯದು ಕಾವಲಿಗೆ. ಅದಿಲ್ಲದಿದ್ದರೆ ಮೊದಲನೆಯದನ್ನು ಗೆಲ್ಲೋದು ತುಂಬಾ ಸುಲಭ. ಬೇಕಾಬಿಟ್ಟಿ ಡಿಸ್ಕೌಂಟ್ ಕೊಡಿ, ಇಲ್ಲಾ ಖಂಡಿತ ತಗೊಳ್ಳುವವರಿಗೆ ಮಾತ್ರ ಕೊಟೇಶನ್ ಕೊಡಿ, ಶೇಕಡಾ ತಾನಾಗೇ ಏರುತ್ತೆ. ಸೇಲ್ಸ್‌ನವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ, ಅಲ್ವಾ?

'ಮಾಲೀಕರು, ಅಕೌಂಟೆಂಟ್ ಇಬ್ಬರನ್ನೂ ಕೂರಿಸಿ ಡೆಮೊ ಕೊಡುವುದು' ಎಲ್ಲಿ ಹೋಯಿತು? ಅದು ಕೆಲಸ, ಫಲಿತಾಂಶವಲ್ಲ. 300 ಕಾಲ್ ಕೂಡ ಹಾಗೇ. ನಾನು ನೋಡುವುದು ಇಷ್ಟೇ: ಇದನ್ನು ಪೂರ್ತಿ ಮಾಡಿಯೂ ಏನೂ ಬದಲಾಗದೆ ಇರಬಹುದಾ? ಇರಬಹುದು ಅಂದರೆ ಅದು ಕೆಲಸದ ಪಟ್ಟಿಗೆ. ಹಾಳೆಯ ಕೆಳಗೆ ಬೇರೆಯಾಗಿ ಬರೆದುಕೊಂಡು, ಸೋಮವಾರ ಬೆಳಿಗ್ಗೆ 10 ನಿಮಿಷ ನೋಡುತ್ತಿದ್ದೆವು. ಎರಡು ವಾರ ಮಾಡಿಯೂ ಅಂಕಿ ಅಲುಗಾಡದಿದ್ದರೆ ಕೆಲಸ ಬದಲಿಸುತ್ತಿದ್ದೆವು, ಅಂಕಿಯನ್ನಲ್ಲ.

ಜೂನ್ ಕೊನೆಗೆ 41 ಕೊಟೇಶನ್, 12 ಆರ್ಡರ್, ಶೇ 29. ಪ್ರತಿ ಫಲಿತಾಂಶಕ್ಕೂ ಸೊನ್ನೆಯಿಂದ ಒಂದರೊಳಗೆ ಅಂಕ ಹಾಕಬೇಕು. ಅವನು 29ನ್ನು 35ರಿಂದ ಭಾಗಿಸಿ 0.83 ಅಂತ ಬರೆದುಕೊಂಡು ಬಂದ. ಎಲ್ಲರೂ ಮಾಡುವ ತಪ್ಪು ಇದು. ಹೊರಟಿದ್ದು ಸೊನ್ನೆಯಿಂದಲ್ಲ, 20ರಿಂದ. 15 ಏರಬೇಕಿತ್ತು, 9 ಏರಿದ. ಅಂಕ 0.6. ದಿನಗಳು 45ರಿಂದ 30ಕ್ಕೆ ಇಳಿದಿದ್ದವು. 20ರಲ್ಲಿ 15, ಅಂದರೆ 0.75. ಇಂಥ ಎತ್ತರದ ಗುರಿಗೆ 0.7ರ ಆಸುಪಾಸು ಬಂದರೆ ಒಳ್ಳೆಯದೇ. ಪ್ರತಿ ಸಲ 1 ಬರುತ್ತಿದ್ದರೆ ಗುರಿ ತೀರಾ ಕೆಳಗಿದೆ ಅಂತ ನನಗೆ ಅನುಮಾನ. ಈ ಅಂಕವನ್ನು ಇನ್ಸೆಂಟಿವ್‌ಗೆ ಕಟ್ಟಬೇಡಿ ಅನ್ನೋದೂ ಅದಕ್ಕೇ. ಕಟ್ಟಿದ ದಿನವೇ 35 ಅಂತ ಬರೆಯುವ ಕೈ 23 ಅಂತ ಬರೆಯುತ್ತೆ. ಇನ್ಸೆಂಟಿವ್ ಟಾರ್ಗೆಟ್ ಮೇಲೆ ಇರಲಿ.

ಕಾವಲು ಮಾತ್ರ ಮುರಿದಿತ್ತು. ಜೂನ್ ಕೊನೆಯ ವಾರ ಎರಡು ಆರ್ಡರ್‌ಗೆ ಶೇ 25 ಡಿಸ್ಕೌಂಟ್ ಬಿಟ್ಟುಕೊಟ್ಟು, ಸರಾಸರಿ 13 ದಾಟಿಸಿದ್ದ. 'ತಿಂಗಳ ಕೊನಿ ಇತ್ರೀ ಸರ್' ಅಂದ. ಮೇಲಿಂದ ಫೋನ್ ಮೇಲೆ ಫೋನ್ ಮಾಡಿದ್ದವನು ನಾನೇ. ಜುಲೈನಿಂದ ಸೆಪ್ಟೆಂಬರ್‌ವರೆಗಿನ ಹಾಳೆ ತಂದಾಗ ಅವನ ಉದ್ದೇಶ ಹೀಗಿತ್ತು: 'ತಿಂಗಳ ಕೊನೆಯ ವಾರಕ್ಕೆ ಆರ್ಡರ್ ಉಳಿಸಿಕೊಳ್ಳಬಾರದು.' ನನ್ನ ಹಾಳೆಯಲ್ಲೂ ಆ ಸಲ ಅದನ್ನೇ ಬರೆದುಕೊಂಡೆ.