ಕೂದಲ ಹಿಂದೆ ಹಾಯುವ ಟ್ರ್ಯಾಕಿಂಗ್ ಕ್ರಾಸ್ ತೆಗೆಯುವುದು: Nuke ಅಭ್ಯಾಸದ ಟಿಪ್ಪಣಿ

ಹಸಿರು ಗೋಡೆಯ ಮೇಲೆ ಅಂಟಿಸಿದ ಟೇಪಿನ ಕ್ರಾಸ್‌ಗಳನ್ನೆಲ್ಲ ಪೇಂಟ್ ಮಾಡಬೇಕಿಲ್ಲ. ಪಾತ್ರಧಾರಿಯಿಂದ ದೂರ ಇರುವವು ಗಾರ್ಬೇಜ್ ಮ್ಯಾಟ್‌ನಲ್ಲೇ ಹೋಗುತ್ತವೆ. ಭುಜ, ತೋಳಿನಂಥ ಗಟ್ಟಿ ಅಂಚಿನ ಹಿಂದೆ ಸರಿಯುವವಕ್ಕೆ ಒಂದು ಪ್ಯಾಚ್, ಒಂದು ರೋಟೊ ಸಾಕು. ಕಷ್ಟ ಇರುವುದು ಬಿಡಿಗೂದಲ ಹಿಂದೆ ಹಾಯುವ ಕ್ರಾಸ್‌ನಲ್ಲಿ. ಈ ಟಿಪ್ಪಣಿ ಅದೊಂದರ ಬಗ್ಗೆ. ಕ್ಯಾಮೆರಾ ಟ್ರ್ಯಾಕ್ ಮುಗಿಯುವ ತನಕ ಮೂಲ ಪ್ಲೇಟ್ ಮುಟ್ಟಬಾರದು, ಅದಂತೂ ಗೊತ್ತೇ ಇದೆ.

ನಾನು ಅಭ್ಯಾಸ ಮಾಡಿದ ಶಾಟ್‌ನಲ್ಲಿ ಹುಡುಗಿ ಕೂದಲು ಬಿಟ್ಟುಕೊಂಡು ನಿಂತಿದ್ದಾಳೆ, ಕ್ಯಾಮೆರಾ ನಿಧಾನಕ್ಕೆ ಬಲಕ್ಕೆ ಸರಿಯುತ್ತದೆ. ಕ್ರಾಸ್ ಗೋಡೆಗಿಂತ ತಿಳಿಹಸಿರಿನ ಟೇಪಿನದು. ಅದರ ಮೇಲೆ ಶುದ್ಧ ಹಸಿರಿನ ಪ್ಯಾಚ್ ಇಟ್ಟರೆ ಕ್ರಾಸ್ ಜೊತೆ ಕೂದಲೂ ಅಳಿಸಿಹೋಗುತ್ತದೆ. ರೋಟೊ ಮಾಡೋಣವೆಂದರೆ ಎಳೆ ಎಳೆಗೂ ಆಕಾರ ಬಿಡಿಸಲು ಆಗುವುದಿಲ್ಲ.

ಹಾಗಾಗಿ ಬಣ್ಣ ಮುಚ್ಚುವುದನ್ನು ಬಿಟ್ಟು, ಕ್ರಾಸ್‌ನಿಂದ ಬಂದ ಹೆಚ್ಚುವರಿ ಬೆಳಕನ್ನು ಮಾತ್ರ ಕಳೆಯಬೇಕು. ಮೂರು ಚಿತ್ರ ಬೇಕು. A ಎಂದರೆ ಮೂಲ ಪ್ಲೇಟ್. B ಎಂದರೆ ಹುಡುಗಿಯಿಲ್ಲದ, ಆದರೆ ಕ್ರಾಸ್ ಇರುವ ಗೋಡೆ. ಕ್ರಾಸ್ ಪೂರ್ತಿ ಬಯಲಲ್ಲಿರುವ ಒಂದು ಫ್ರೇಮನ್ನು FrameHold ಮಾಡಿ, ಗೋಡೆಯ ಟ್ರ್ಯಾಕ್‌ಗೆ ಅಂಟಿಸಿದರೆ ಅದು ಸಿಗುತ್ತದೆ. ಅದೇ B ಮೇಲೆ RotoPaint ಇಂದ ಕ್ರಾಸ್ ಅಳಿಸಿದರೆ C. ಸೂತ್ರ ಇಷ್ಟೇ:

```
ಫಲಿತಾಂಶ = A + (C - B) * (1 - alpha)
```

ನನಗೆ ತಲೆಗೆ ಹತ್ತದೇ ಇದ್ದದ್ದು ಕೊನೆಯ ಗುಣಾಕಾರ. ಕ್ರಾಸ್ ಎಷ್ಟು ಹೊಳೆಯುತ್ತದೋ ಅಷ್ಟನ್ನು ಕಳೆದರೆ ಸಾಲದೇ ಅಂತ ಅನ್ನಿಸುತ್ತಿತ್ತು. ಒಂದು ಪಿಕ್ಸೆಲ್ ಹಿಡಿದು ಹಸಿರು ಚಾನೆಲ್ ಮಾತ್ರ ಲೆಕ್ಕ ಹಾಕಿದ ಮೇಲೆ ಗಂಟು ಬಿಚ್ಚಿತು. ಗೋಡೆ 0.40, ಕ್ರಾಸ್ 0.60, ಕೂದಲು 0.04 ಅಂತ ಇಟ್ಟುಕೊಳ್ಳಿ. ಆ ಪಿಕ್ಸೆಲ್‌ನಲ್ಲಿ ಕೂದಲು ಅರ್ಧ ಮಾತ್ರ ತುಂಬಿದೆ, ಅಂದರೆ ಆಲ್ಫಾ 0.5. ಕ್ರಾಸ್ ಹಿಂದಿದ್ದಾಗ ಪ್ಲೇಟ್‌ನಲ್ಲಿ ಸಿಗುವುದು 0.02 + 0.30 = 0.32. ಬರೀ ಗೋಡೆ ಇದ್ದಿದ್ದರೆ 0.02 + 0.20 = 0.22 ಸಿಗಬೇಕಿತ್ತು. C − B ಎಂದರೆ −0.20. ಅದನ್ನು ಇಡಿಯಾಗಿ ಕೂಡಿಸಿದರೆ 0.12 ಆಗಿ, ಕೂದಲ ನಡುವೆ ಕಪ್ಪು ಕ್ರಾಸ್ ಮೂಡುತ್ತದೆ. ಕೂದಲಿನ ಸಂದಿಯಿಂದ ಕ್ರಾಸ್ ಅರ್ಧವೇ ಕಾಣುತ್ತಿರುವುದರಿಂದ ಕಳೆಯಬೇಕಾದದ್ದೂ ಅರ್ಧವೇ. 0.32 − 0.10 = 0.22, ಬೇಕಾದದ್ದೇ ಬಂತು. ಈ ಲೆಕ್ಕ ಲೀನಿಯರ್‌ನಲ್ಲಿ ಮಾತ್ರ ಸರಿಹೋಗುತ್ತದೆ, ಲಾಗ್ ಪ್ಲೇಟ್ ಮೇಲೆ ಮಾಡಿದರೆ ಅಂಚು ಉಳಿಯುತ್ತದೆ.

Nuke ನಲ್ಲಿ ಇದಕ್ಕೆ ಮೂರು Merge ಸಾಕು. ಮೊದಲನೆಯದು minus, ಅದರ A ಇನ್‌ಪುಟ್‌ಗೆ C ಚಿತ್ರ, B ಇನ್‌ಪುಟ್‌ಗೆ B ಚಿತ್ರ. ಅದರ ಫಲಿತಾಂಶವನ್ನು ಎರಡನೆಯದರ B ಇನ್‌ಪುಟ್‌ಗೆ, ಆಲ್ಫಾವನ್ನು A ಇನ್‌ಪುಟ್‌ಗೆ ಕೊಟ್ಟು stencil ಮಾಡಿ. ಕೊನೆಗೆ plus ಇಂದ ಮೂಲ ಪ್ಲೇಟ್‌ಗೆ ಕೂಡಿಸಿ. ನಡುವೆ ಎಲ್ಲೂ ಕ್ಲ್ಯಾಂಪ್ ಮಾಡಬೇಡಿ, ಋಣ ಸಂಖ್ಯೆಗಳೇ ಇಲ್ಲಿ ಕೆಲಸ ಮಾಡುವುದು. FrameHold ಮಾಡಿದ ಫ್ರೇಮನ್ನು ಮೊದಲೇ ಡಿನಾಯ್ಸ್ ಮಾಡಿ. ಆಗ C − B ಯಲ್ಲಿ ಗ್ರೇನ್ ಇರುವುದಿಲ್ಲ, ಪ್ಲೇಟಿನ ಜೀವಂತ ಗ್ರೇನ್ ಹಾಗೇ ಉಳಿಯುತ್ತದೆ. ಮಾಮೂಲಿ ಪ್ಯಾಚ್‌ನಲ್ಲಿ ಕಾಣುವ ಹೆಪ್ಪುಗಟ್ಟಿದ ಗ್ರೇನ್ ಇಲ್ಲಿ ಬರುವುದೇ ಇಲ್ಲ. ಈ ವಿಧಾನ ನನಗೆ ಅಷ್ಟು ಹಿಡಿಸಿದ್ದು ಅದಕ್ಕೇ.

ಇನ್ನೊಂದು ಪ್ರಶ್ನೆ ಉಳಿಯುತ್ತದೆ. ಆಲ್ಫಾ ಬೇಕೆಂದೇ ಕ್ರಾಸ್ ತೆಗೆಯುತ್ತಿದ್ದೇವೆ, ತೆಗೆಯಲು ಆಲ್ಫಾ ಬೇಕು. ಇದಕ್ಕೆ IBKGizmo ದಾರಿ ಕೊಡುತ್ತದೆ. ಪ್ರತಿ ಪಿಕ್ಸೆಲ್‌ನಲ್ಲಿ ಹಸಿರು ಉಳಿದೆರಡು ಬಣ್ಣಗಳಿಗಿಂತ ಎಷ್ಟು ಹೆಚ್ಚಿದೆ ಎಂಬುದನ್ನು ಅದು ಕ್ಲೀನ್ ಪ್ಲೇಟಿನ ಅದೇ ಜಾಗದ ಹೆಚ್ಚುವರಿಯ ಜೊತೆ ಹೋಲಿಸುತ್ತದೆ. ಅದರ c ಇನ್‌ಪುಟ್‌ಗೆ ಎಲ್ಲರೂ ಕ್ರಾಸ್ ಇಲ್ಲದ ಪ್ಲೇಟ್ ಕೊಡುತ್ತಾರೆ. ಇಲ್ಲಿ ಬೇಕೆಂದೇ ಕ್ರಾಸ್ ಇರುವ B ಕೊಡಬೇಕು. ಆಗ ಕ್ರಾಸ್‌ನ ಜಾಗದಲ್ಲಿ ಹೋಲಿಕೆ ಕ್ರಾಸ್‌ನ ಬಣ್ಣದ ಜೊತೆಗೇ ನಡೆದು, ಆಲ್ಫಾದಲ್ಲಿ ಅದರ ಗುರುತೇ ಇರುವುದಿಲ್ಲ. ಇದರಿಂದ ಆಲ್ಫಾ ಮಾತ್ರ ತೆಗೆದುಕೊಳ್ಳಿ. ಬಿಳಿ ಅಥವಾ ಕಪ್ಪು ಟೇಪ್ ಆಗಿದ್ದರೆ ಇದು ನಡೆಯದು. ಅಲ್ಲಿ ಹಸಿರಿನ ಹೆಚ್ಚುವರಿ ಸೊನ್ನೆಗೆ ಹತ್ತಿರ, ಭಾಗಾಕಾರ ಹುಚ್ಚಾಪಟ್ಟೆ ಹೋಗುತ್ತದೆ. ಅಂಥ ಕಡೆ ಆಲ್ಫಾವನ್ನು ಪಕ್ಕದ ಫ್ರೇಮಿನ ಕೂದಲಿಂದ ಎರವಲು ತಂದು ಕೈಯಲ್ಲೇ ತುಂಬಬೇಕು.

ಸರಿಯಾಗಿದೆಯೇ ಅಂತ ಒಂದು ಫ್ರೇಮ್ ನಿಲ್ಲಿಸಿ ನೋಡಿದರೆ ತಿಳಿಯದು. ವ್ಯೂವರ್‌ನ ಗಾಮಾ ಏರಿಸಿ ಓಡಿಸಿ ನೋಡಿ. ಈ ತಿಳಿಹಸಿರು ಕ್ರಾಸ್ ಹೊಳೆದರೆ ಕಳೆದದ್ದು ಸಾಲದು, ಅಂದರೆ ಆಲ್ಫಾ ಹೆಚ್ಚಾಗಿದೆ. ಕಪ್ಪಾದರೆ ಆಲ್ಫಾ ಕಡಿಮೆ. ಒಂದು ಪಕ್ಕ ಹೊಳಪು, ಇನ್ನೊಂದು ಪಕ್ಕ ಕಪ್ಪು ಅಂಚು ಕಂಡರೆ ಆಲ್ಫಾ ಮುಟ್ಟಬೇಡಿ, ಟ್ರ್ಯಾಕ್ ಜಾರಿದೆ. ಎರಡೂ ಪಕ್ಕ ಒಂದೇ ಥರದ ಮಸುಕು ಗೆರೆ ಉಳಿದರೆ, ಕ್ಯಾಮೆರಾ ವೇಗವಾಗಿ ಸರಿದು ಪ್ಲೇಟಿನ ಕ್ರಾಸ್ ಮೋಷನ್ ಬ್ಲರ್ ಆಗಿರುತ್ತದೆ, B ಯಲ್ಲಿನದು ಚೂಪಾಗಿರುತ್ತದೆ. ಆಗ B, C ಎರಡಕ್ಕೂ ಅಷ್ಟೇ ಬ್ಲರ್ ಕೊಟ್ಟು ಮತ್ತೆ ಓಡಿಸಬೇಕು.