ತಡವಾಗಿ ಬರುವವರ ಕೀಲಿ ನಿಮ್ಮ ಕೈಗೆ ಬಂದಾಗ

ಸಹಕಾರಿ ಸಂಘಗಳ ಶಾಖೆ ತಪಾಸಣೆ ನನ್ನ ಕೆಲಸ. ಕಾರವಾರದಿಂದ ಭಟ್ಕಳದವರೆಗೆ, ಘಟ್ಟದ ಮೇಲೆ ಶಿರಸಿ, ಸಿದ್ದಾಪುರದ ಕಡೆಗೂ ಹೋಗುತ್ತೇನೆ. ಯಾವ ಶಾಖೆಗೆ ಹೋದರೂ ಕ್ಯಾಶ್ ಎಣಿಸುವ ಮೊದಲು ಕೀ ರಿಜಿಸ್ಟರ್ ಕೇಳುತ್ತೇನೆ. ಯಾರು ಯಾರಿಗಾಗಿ ಸುಮ್ನೆ ಕೆಲಸ ಸಂಭಾಳಿಸುತ್ತಿದ್ದಾರೆ ಅನ್ನುವುದು ಮೊದಲು ಕಾಣುವುದು ಅಲ್ಲೇ.

ತಿಜೋರಿಗೆ ಎರಡು ಕೀಲಿ ಇರುತ್ತವೆ. ಒಂದು ಕ್ಯಾಷಿಯರ್ ಹತ್ತಿರ, ಇನ್ನೊಂದು ಅಕೌಂಟೆಂಟ್ ಅಥವಾ ಬೇರೊಬ್ಬ ಜವಾಬ್ದಾರರ ಹತ್ತಿರ. ಎರಡೂ ಹಾಕದೆ ಬಾಗಿಲು ತೆರೆಯುವುದಿಲ್ಲ. ಬೆಳಿಗ್ಗೆ ಇಬ್ಬರೂ ಸೇರಿ ತೆಗೆಯಬೇಕು, ಸಂಜೆ ಇಬ್ಬರೂ ಸೇರಿ ಎಣಿಸಿ ಇಟ್ಟು ಬೀಗ ಹಾಕಬೇಕು, ಎರಡು ಸಲವೂ ಸಮಯ ಬರೆದು ಸಹಿ ಮಾಡಬೇಕು. ಒಬ್ಬರು ದಿನಾ ತಡ ಮಾಡಿದರೆ ಈ ಇಡೀ ವ್ಯವಸ್ಥೆ ನಿಲ್ಲುತ್ತದೆ. ಆದ್ದರಿಂದ ಇನ್ನೊಬ್ಬರ ಮೇಲೆ ಬೀಳುವ ಒತ್ತಡವೂ ಇಲ್ಲೇ ಜಾಸ್ತಿ.

ಒಂದು ಪ್ರಕರಣ ಹೇಳುತ್ತೇನೆ. ಗುರುತು ಸಿಗಬಾರದು ಅಂತ ಕೆಲವು ವಿವರ ಬದಲಿಸಿದ್ದೇನೆ. ಕುಮಟಾ ಕಡೆಯ ಒಂದು ಶಾಖೆ. ಕ್ಯಾಷಿಯರ್ ಊರಿನವರೇ, ಮನೆಯಿಂದ ನಡೆದು ಬರುತ್ತಿದ್ದರು. ಅಕೌಂಟೆಂಟ್ ಶಿರಸಿಯಿಂದ ದೇವಿಮನೆ ಘಾಟಿ ಇಳಿದು ಬಸ್ಸಿನಲ್ಲಿ ಬರುತ್ತಿದ್ದರು. ಮಳೆಗಾಲದಲ್ಲಿ ಬಸ್ಸು ತಡ ಆಗುವುದು ನಮ್ಮ ಜಿಲ್ಲೆಯಲ್ಲಿ ಯಾರಿಗೂ ಹೊಸದಲ್ಲ. 2024ರ ಜುಲೈ 16ರಂದು ಅಂಕೋಲಾ ಹತ್ತಿರದ ಶಿರೂರಿನಲ್ಲಿ ಗುಡ್ಡ ಕುಸಿದಾಗ ಹೆದ್ದಾರಿಯೇ ಬಂದ್ ಆಗಿತ್ತು, ಆಗ ಕೆಲಸಕ್ಕೆ ಬರಲಾಗದವರನ್ನು ಯಾರೂ ತಪ್ಪು ಅನ್ನಲಿಲ್ಲ. ಆದರೆ ಈ ಅಕೌಂಟೆಂಟ್ ಬಿಸಿಲು ಇದ್ದಾಗಲೂ ಹತ್ತೂ ಮುಕ್ಕಾಲಿಗೇ ಬರುತ್ತಿದ್ದರು. ಹಬ್ಬದ ಮರುದಿನ ಬರುತ್ತಲೇ ಇರಲಿಲ್ಲ. ದಾರಿಯ ತೊಂದರೆ ಆಗೊಮ್ಮೆ ಈಗೊಮ್ಮೆ ಬರುತ್ತದೆ, ರೂಢಿ ಆದರೆ ತಡಕ್ಕೂ ಒಂದು ಟೈಂ ಟೇಬಲ್ ಬಂದುಬಿಡುತ್ತದೆ. ನನಗೆ ಈ ಎರಡರ ನಡುವಿನ ವ್ಯತ್ಯಾಸ ತಿಳಿಯುವುದು ಹೀಗೆ.

ಶುರುವಿನಲ್ಲಿ ಕ್ಯಾಷಿಯರ್ ಮಾಡಿದ್ದು ಸಣ್ಣ ಉಪಕಾರ. ‘ನಾಳೆ ಸ್ವಲ್ಪ ತಡ ಆಗ್ತದೆ, ಕೀಲಿ ಡ್ರಾಯರಿನಲ್ಲಿ ಇಟ್ಟು ಹೋಗ್ತೇನೆ’ ಅಂತ ಅಕೌಂಟೆಂಟ್ ಅಂದರು, ಇವರು ಆಯ್ತು ಅಂದರು. ಹತ್ತು ಗಂಟೆಗೆ ಮೀನು ಮಾರುವ ಹೆಂಗಸರು ಪಿಗ್ಮಿ ಹಣ ತೆಗೆಯಲು ಸಾಲು ನಿಂತಿರುತ್ತಾರೆ, ಅವರನ್ನು ಕಾಯಿಸುವುದು ಹೇಗೆ ಅಲ್ವಾ? ಆಮೇಲೆ ಅದು ವಾರಕ್ಕೆರಡು ಸಲ ಆಯಿತು, ಆಮೇಲೆ ದಿನಾ ಆಯಿತು. ಅಕೌಂಟೆಂಟ್ ಹಿಂದಿನ ಸಂಜೆಯೇ ರಿಜಿಸ್ಟರಿನಲ್ಲಿ ಮರುದಿನದ ಸಹಿ ಮಾಡಿಟ್ಟು ಹೋಗತೊಡಗಿದರು. ಮ್ಯಾನೇಜರಿಗೆ ಕಾಣುತ್ತಿದ್ದದ್ದು ಇಷ್ಟೇ: ಒಂಬತ್ತೂ ಮುಕ್ಕಾಲಿಗೆ ತಿಜೋರಿ ತೆರೆದಿದೆ, ಇಬ್ಬರ ಸಹಿ ಇದೆ, ಕೌಂಟರ್ ಶುರುವಾಗಿದೆ. ಹಾಗಾಗಿ ತಡದ ವಿಷಯ ಕೇಳುವ ಕಾರಣವೇ ಅವರಿಗೆ ಬರಲಿಲ್ಲ.

ನಾನು ತಪಾಸಣೆಗೆ ಹೋದ ದಿನ ಕೌಂಟರ್ ಇನ್ನೂ ಶುರುವಾಗಿರಲಿಲ್ಲ. ತಿಜೋರಿ ತೆರೆದಿತ್ತು. ರಿಜಿಸ್ಟರಿನಲ್ಲಿ ಅಕೌಂಟೆಂಟ್ ಸಹಿ ಇತ್ತು, ಅವರ ಕುರ್ಚಿ ಖಾಲಿ ಇತ್ತು. ಎಣಿಸುತ್ತಾ ಹೋದಾಗ ಐನೂರರ ಒಂದು ಕಟ್ಟಿನಲ್ಲಿ ನೂರು ನೋಟು ಇರಬೇಕಾದಲ್ಲಿ ಎಂಬತ್ತು ಸಿಕ್ಕಿತು. ಹತ್ತು ಸಾವಿರ ಕಡಿಮೆ. ಕಟ್ಟಿನ ಚೀಟಿಯ ಮೇಲೆ ಇಬ್ಬರ ಸಹಿಯೂ ಇತ್ತು.

ನಿನ್ನೆ ಸಂಜೆ ಕಟ್ಟುವಾಗಲೇ ಕಡಿಮೆ ಇತ್ತೋ, ಇವತ್ತು ಬೆಳಿಗ್ಗೆ ಕಡಿಮೆ ಆಯಿತೋ? ಬೆಳಿಗ್ಗೆ ಇಬ್ಬರೂ ಸೇರಿ ತೆರೆದಿದ್ದರೆ ಎರಡನೆಯ ಪ್ರಶ್ನೆಗೆ ಜಾಗವೇ ಇರಲಿಲ್ಲ. ಎರಡು ಕೀಲಿ ಇರುವುದೇ ಆ ಪ್ರಶ್ನೆ ಒಬ್ಬರ ಮೇಲೆ ಬರಬಾರದು ಅಂತ. ಸಿಸಿಟಿವಿ ನೋಡಿದೆವು. ಕ್ಯಾಷಿಯರ್ ಒಬ್ಬರೇ ಎರಡೂ ಕೀಲಿ ಹಾಕಿ ತೆಗೆಯುವುದು ಸ್ಪಷ್ಟವಾಗಿ ಕಂಡಿತು. ಕ್ಯಾಮೆರಾ ಕೌಂಟರ್ ಕಡೆಗೆ ಇದ್ದದ್ದರಿಂದ ತಿಜೋರಿಯ ಒಳಗೆ ಅವರು ಏನು ಮಾಡಿದರು ಅನ್ನುವುದು ಕಾಣಲಿಲ್ಲ. ಅವರು ಹಣ ಮುಟ್ಟಿಲ್ಲ ಅಂತ ನನಗೆ ಅನಿಸಿತ್ತು, ಈಗಲೂ ಅನಿಸುತ್ತದೆ. ಆದರೆ ವರದಿಯಲ್ಲಿ ನನಗೆ ಅನಿಸಿದ್ದನ್ನು ಬರೆಯಲು ಬರುವುದಿಲ್ಲ. ಅಕೌಂಟೆಂಟ್ ಬಂದವರು ‘ಬೆಳಿಗ್ಗೆ ನಾನು ಇರಲೇ ಇಲ್ಲ’ ಅಂದರು. ಅದು ನಿಜವೇ. ಅಷ್ಟು ದಿನ ಅವರ ತಡವನ್ನು ಮುಚ್ಚಿದ್ದು ಈ ಕ್ಯಾಷಿಯರ್, ಈಗ ಅದೇ ತಡ ಅವರಿಗೆ ರಕ್ಷಣೆ ಆಯಿತು. ಕ್ಯಾಷಿಯರ್ ಅವತ್ತೇ ಹತ್ತು ಸಾವಿರ ತುಂಬಿದರು. ನೋಟೀಸ್ ಇಬ್ಬರಿಗೂ ಹೋಯಿತು: ಅಕೌಂಟೆಂಟಿಗೆ ಸುಳ್ಳು ಸಹಿಗೆ, ಇವರಿಗೆ ಎರಡೂ ಕೀಲಿ ಒಬ್ಬರೇ ಇಟ್ಟುಕೊಂಡದ್ದಕ್ಕೆ. ಇವರದೇ ಭಾರ ಜಾಸ್ತಿ ಆಯಿತು. ಕೂತು ಅವರ ಜೊತೆ ಮಾತಾಡುವಾಗ ನನಗೆ ತುಂಬಾ ಸಂಕಟ ಆಗಿತ್ತು.

ಜೊತೆಗಾರರಿಗೆ ಸಹಾಯವೇ ಮಾಡಬೇಡಿ ಅನ್ನುತ್ತಿಲ್ಲ. ಅವರ ಕೌಂಟರಿನ ಗ್ರಾಹಕರನ್ನು ನೀವು ನೋಡಿ, ಅವರ ಎಂಟ್ರಿಯನ್ನು ನಿಮ್ಮ ಐಡಿಯಲ್ಲೇ ಮಾಡಿ. ಅದು ನಿಮ್ಮ ಹೆಸರಿನಲ್ಲಿ ಕಾಣುತ್ತದೆ, ಅವರು ಆ ಹೊತ್ತಿಗೆ ಇರಲಿಲ್ಲ ಅನ್ನುವುದೂ ಕಾಣುತ್ತದೆ. ಕೆಲಸವನ್ನು ಅವರ ಹೆಸರಿನಲ್ಲಿ ಮಾಡುವುದು ಮಾತ್ರ ಬೇಡ: ಅವರ ಕೀಲಿ, ಅವರ ಪಾಸ್‌ವರ್ಡ್, ಹಾಜರಿ ಪುಸ್ತಕದಲ್ಲಿ ಅವರ ಸಹಿ. ಪಾಸ್‌ವರ್ಡ್ ವಿಷಯ ಇನ್ನೂ ಕೆಟ್ಟದ್ದು. ಒಬ್ಬರು ಎಂಟ್ರಿ ಮಾಡಬೇಕು, ಇನ್ನೊಬ್ಬರು ಪಾಸ್ ಮಾಡಬೇಕು ಅನ್ನುವ ನಿಯಮ ಇರುವಲ್ಲಿ ಎರಡನ್ನೂ ನೀವೇ ಮಾಡಿದರೆ, ಆ ವೋಚರಿನ ಮೇಲೆ ಮುಂದೆ ಯಾವ ಪ್ರಶ್ನೆ ಬಂದರೂ ಉತ್ತರ ಕೊಡಬೇಕಾದವರು ನೀವೊಬ್ಬರೇ.

ಬಿಡಿಸಿಕೊಳ್ಳುವುದು ಹೇಗೆ? ಮೊದಲು ಅವರಿಗೇ ಹೇಳಿ. ಬೆಳಿಗ್ಗೆ ಗಡಿಬಿಡಿಯಲ್ಲಿ ಅಲ್ಲ, ಹಿಂದಿನ ಸಂಜೆ ಕ್ಲೋಸಿಂಗ್ ಮುಗಿದ ಮೇಲೆ. ‘ನಾಳೆಯಿಂದ ನಿಮ್ಮ ಕೀಲಿ ನಾನು ಮುಟ್ಟುವುದಿಲ್ಲ. ತಡ ಆಗುತ್ತದೆ ಅಂತ ಗೊತ್ತಾದ ಕೂಡಲೇ ಮ್ಯಾನೇಜರಿಗೆ ಫೋನ್ ಮಾಡಿ.’ ಇಷ್ಟು ಸಾಕು. ಹಳೆಯ ಲೆಕ್ಕ ಎಲ್ಲ ತೆಗೆಯಬೇಡಿ, ತೆಗೆದರೆ ಮಾತು ಜಗಳಕ್ಕೆ ಹೋಗುತ್ತದೆ, ಕೀಲಿಯ ವಿಷಯ ಅಲ್ಲೇ ಉಳಿಯುತ್ತದೆ.

ಮರುದಿನ ಅವರು ಬರಲಿಲ್ಲ ಅಂದರೆ ತಿಜೋರಿ ತೆಗೆಯಬೇಡಿ. ಮ್ಯಾನೇಜರಿಗೆ ತಿಳಿಸಿ, ಕಾಯಿರಿ. ಕೌಂಟರ್ ತಡವಾಗಿ ಶುರುವಾಗುತ್ತದೆ, ಸಾಲಿನಲ್ಲಿ ನಿಂತವರು ಬೈಯುತ್ತಾರೆ, ನಿಮಗೆ ಹೊಟ್ಟೆ ಉರಿಯುತ್ತದೆ. ಈ ಒಂದು ಬೆಳಿಗ್ಗೆಯನ್ನು ತಡೆದುಕೊಳ್ಳಲಾಗದೆ ಹೆಚ್ಚಿನವರು ಮತ್ತೆ ಡ್ರಾಯರ್ ತೆಗೆಯುತ್ತಾರೆ. ತಡೆದುಕೊಳ್ಳಿ. ತಡ ಆಗಿದ್ದು ಕಾಣಬೇಕಾದವರಿಗೆ ಕಾಣುವುದು ಆಗಲೇ. ರಜೆ ಮೊದಲೇ ಗೊತ್ತಿದ್ದರೆ ಅವರ ಕೀಲಿ ಮ್ಯಾನೇಜರ್ ಹೇಳಿದ ಮೂರನೆಯವರಿಗೆ ರಿಜಿಸ್ಟರಿನಲ್ಲಿ ಬರೆದು ಹೋಗಬೇಕು. ಇನ್ನೊಂದು ಕೀಲಿ ಇರುವವರಿಗೆ, ಅಂದರೆ ನಿಮಗೆ, ಯಾವತ್ತೂ ಬರಬಾರದು.

ಮ್ಯಾನೇಜರ್ ಹತ್ತಿರ ಹೋಗುವಾಗ ‘ಅವರು ಸರಿ ಇಲ್ಲ’ ಅಂತ ಹೋಗಬೇಡಿ. ತಾರೀಕು, ಅವರು ಬಂದ ಹೊತ್ತು, ಅಷ್ಟರಲ್ಲಿ ನಿಂತ ಕೆಲಸ, ಇಷ್ಟನ್ನು ಎರಡು ವಾರ ಬರೆದಿಟ್ಟು ಕೊಡಿ. ಶಿಕ್ಷೆ ಕೇಳಬೇಡಿ, ಕೀಲಿ ಬೇರೆಯವರಿಗೆ ಕೊಡಿ ಅಂತ ಕೇಳಿ. ಕುಮಟಾ ಶಾಖೆಯಲ್ಲಿ ಕೊನೆಗೆ ಮಾಡಿದ್ದೂ ಅದನ್ನೇ, ಊರಲ್ಲೇ ಇರುವ ಒಬ್ಬ ಕ್ಲರ್ಕಿಗೆ ಕೀಲಿ ಹೋಯಿತು. ಅಕೌಂಟೆಂಟ್ ಈಗಲೂ ತಡವಾಗಿಯೇ ಬರುತ್ತಾರೆ ಅಂತ ಕೇಳಿದ್ದೇನೆ. ಆದರೆ ಈಗ ಅದು ಹಾಜರಿ ಪುಸ್ತಕದಲ್ಲಿ ದಾಖಲಾಗುತ್ತದೆ, ಅರ್ಧ ದಿನದ ರಜೆ ಕಡಿತ ಆಗುತ್ತದೆ.

ಕೆಲವೊಮ್ಮೆ ಮ್ಯಾನೇಜರೇ ‘ತೆಗೆಯಿರಿ, ನಾನು ನೋಡಿಕೊಳ್ಳುತ್ತೇನೆ’ ಅನ್ನುತ್ತಾರೆ. ಹಾಗಿದ್ದರೆ ಅದನ್ನೇ ರಿಜಿಸ್ಟರಿನಲ್ಲಿ ಒಂದು ಸಾಲು ಬರೆದು, ಸಮಯ ಹಾಕಿ, ಸಹಿ ಮಾಡಲು ಹೇಳಿ, ಎರಡನೆಯ ಕೀಲಿಯನ್ನು ಅವರೇ ಬಂದು ಹಾಕಲಿ. ಅದಕ್ಕೂ ಒಪ್ಪದಿದ್ದರೆ ಮುಖ್ಯ ಕಚೇರಿಗೆ ಬರೆಯಿರಿ, ಬರೆದ ಪತ್ರದ ಒಂದು ಪ್ರತಿ ನಿಮ್ಮ ಮನೆಯಲ್ಲಿರಲಿ.